ದುಡ್ಡು ಬರಬೇಕಿದ್ದವನು ನಾನು, 6,381 ಕಟ್ಟಿ ಬಂದವನೂ ನಾನೇ

ಇದನ್ನ ಬರೆಯೋಕೆ ನಾಚಿಕೆ ಆಗ್ತಿದೆ. ನಾನು ಮಾಡ್ತಿದ್ದ ಕೆಲಸವೇ ಅಕೌಂಟ್ಸ್. ದಾವಣಗೆರೆಯ ಒಂದು ವಾಹನ ಶೋರೂಮಲ್ಲಿ ಮೂರು ವರ್ಷ ಟ್ಯಾಲಿ ಮುಂದೆ ಕೂತು, ಒಂದು ರೂಪಾಯಿ ತಾಳೆ ಆಗ್ಲಿಲ್ಲ ಅಂದ್ರೆ ರಾತ್ರಿ ಒಂಬತ್ತರವರೆಗೆ ಹುಡುಕ್ತಿದ್ದವನು. ಅಂಥವನಿಗೇ ನನ್ನದೇ ಲೆಕ್ಕದಲ್ಲಿ ಟೋಪಿ ಹಾಕಿದ್ರು. ಶೋರೂಮಿನ ಹೆಸರು ಬರೆಯಲ್ಲ. ಕೆಲಸ ಬಿಡೋ ಯೋಚನೆಯಲ್ಲಿರೋರು ಕೊನೆವರೆಗೆ ಓದಿ ಸಾಕು.

ಚಿತ್ರದುರ್ಗದಲ್ಲಿ ಸ್ವಲ್ಪ ಜಾಸ್ತಿ ಸಂಬಳದ ಕೆಲಸ ಸಿಕ್ತು, ಜುಲೈ 1ಕ್ಕೆ ಸೇರಬೇಕು ಅಂದ್ರು. ಜೂನ್ 10ಕ್ಕೆ ರಾಜೀನಾಮೆ ಕೊಟ್ಟೆ. ಪೇಪರಲ್ಲೂ ಕೊಟ್ಟೆ, ಇಮೇಲೂ ಹಾಕಿದೆ. ನೇಮಕಾತಿ ಪತ್ರದಲ್ಲಿ ಇದ್ದದ್ದು ಇಷ್ಟು: ರಾಜೀನಾಮೆ ಕೊಟ್ಟ ದಿನದಿಂದ 30 ದಿನದ ನೋಟಿಸ್, ಇಲ್ಲಾಂದ್ರೆ ಕಡಿಮೆ ಬಿದ್ದ ದಿನಗಳ ಸಂಬಳ. ಜೂನ್ 11ರಿಂದ ಎಣಿಸಿದ್ರೆ ಜುಲೈ 10ಕ್ಕೆ 30 ದಿನ ಆಗುತ್ತೆ. ನಾನು ಜೂನ್ 30ರವರೆಗೆ, ಅಂದ್ರೆ 20 ದಿನ ಬಂದೆ. 10 ದಿನ ಕಡಿಮೆ. ಅದನ್ನ ಹಿಡ್ಕೊಳ್ತಾರೆ ಅಂತ ಗೊತ್ತಿತ್ತು, ಅದಕ್ಕೆ ನಂದೇನೂ ತಕರಾರಿಲ್ಲ.

ನನ್ನ ಸಂಬಳ ಒಟ್ಟು 27,000. ಅದರಲ್ಲಿ ಬೇಸಿಕ್ 15,000. ಜನವರಿಯಲ್ಲಿ ತಂಗಿ ಮದುವೆಗೆ ಅಂತ 40,000 ಅಡ್ವಾನ್ಸ್ ತಗೊಂಡಿದ್ದೆ. ಫೆಬ್ರವರಿಯಿಂದ ತಿಂಗಳಿಗೆ 5,000 ಮುರೀತಿದ್ರು. 24 ದಿನ ಗಳಿಕೆ ರಜೆ ಉಳಿದಿತ್ತು, ಅದರ ದುಡ್ಡು ಬೇಸಿಕ್ ಮೇಲೆ ಅಂತ ಪತ್ರದಲ್ಲೇ ಬರೆದಿತ್ತು. ಮನೇಲಿ ಕೂತು ಬಾಯಿಲೆಕ್ಕ ಹಾಕ್ದಾಗ ಕೈಗೆ ಒಂದೆಂಟು ಸಾವಿರ ಬರುತ್ತೆ ಅನ್ಸಿತ್ತು. ಆ ದುಡ್ಡು ನಂಬ್ಕೊಂಡೇ ದುರ್ಗದಲ್ಲಿ ರೂಮಿಗೆ ಮುಂಗಡ ಕೊಡ್ತೀನಿ ಅಂತ ಒಪ್ಕೊಂಡಿದ್ದೆ.

ಜೂನ್ ಸಂಬಳ ಬರ್ಲಿಲ್ಲ. ಕೇಳಿದ್ರೆ "ಎಫ್ ಅಂಡ್ ಎಫ್ ಜೊತೆ ಬರುತ್ತೆ ಸರ್", ಅಂದ್ರೆ ಕೆಲಸ ಬಿಟ್ಟವರ ಕೊನೆ ಲೆಕ್ಕದ ಜೊತೆ. ಜುಲೈ ಪೂರ್ತಿ ಇದೇ ಮಾತು. ವೇತನ ಸಂಹಿತೆಯ 17ನೇ ಕಲಂ ಪ್ರಕಾರ ರಾಜೀನಾಮೆ ಕೊಟ್ಟು ಹೋದವನ ಸಂಬಳವನ್ನೂ ಎರಡು ಕೆಲಸದ ದಿನದೊಳಗೆ ಕೊಡಬೇಕು. ಅದು ನಂಗೆ ಆಗ ಗೊತ್ತಿರ್ಲಿಲ್ಲ. ನಲವತ್ತು ದಿನ ಬಾಯಿ ಮುಚ್ಚಿಕೊಂಡು ಕಾದೆ.

ಆಗಸ್ಟಲ್ಲಿ ಕರೆದ್ರು. ಹೊಸ ಆಫೀಸಲ್ಲಿ ಅರ್ಧ ದಿನ ರಜೆ ಹಾಕಿ ಬಸ್ ಹತ್ತಿ ಬಂದೆ. ಎಚ್‌ಆರ್ ಮೇಡಂ ಒಂದು ಹಾಳೆ ಮುಂದೆ ಇಟ್ರು. ಕೆಳಗಡೆ ದಪ್ಪ ಅಕ್ಷರದಲ್ಲಿ 6,381. ಅದರ ಹಿಂದೆ ಒಂದು ಸಣ್ಣ ಗೀಟು. ಮೊದಲು ನೋಡಿದಾಗ ನನಗೆ ಬರೋದು ಅಂದ್ಕೊಂಡೆ ಕಣ್ರೀ. "ಎಂಟು ಸಾವಿರ ಆಗಬೇಕಿತ್ತಲ್ಲ ಮೇಡಂ" ಅಂದೆ. ಅವರು ಪೆನ್ನಿನ ತುದಿಯಲ್ಲಿ ಆ ಗೀಟು ತೋರಿಸಿ, "ಅಲ್ಲ ಸರ್, ಮೈನಸ್. ನೀವು ಕಟ್ಟಬೇಕು" ಅಂದ್ರು.

ಪಕ್ಕದಲ್ಲಿ ಕ್ಯಾಷಿಯರ್ ಹುಡುಗ ಕೂತಿದ್ದ. ಅವನಿಗೆ ವೋಚರ್ ಬರೆಯೋದು ಕಲಿಸಿದ್ದೇ ನಾನು. ಅವನು ತಲೆ ಎತ್ತಲಿಲ್ಲ.

ಅಲ್ಲೇ ಹಾಳೆ ಕೈಗೆ ತಗೊಂಡು ಒಂದೊಂದು ಸಾಲೂ ಕೇಳಬೇಕಿತ್ತು. ಕೇಳ್ಲಿಲ್ಲ. ಮೂರು ಗಂಟೆಯೊಳಗೆ ದುರ್ಗಕ್ಕೆ ವಾಪಸ್ ಹೋಗಬೇಕಿತ್ತು, ಹೊಸ ಆಫೀಸಲ್ಲಿ ರಿಲೀವಿಂಗ್ ಲೆಟರ್ ತಂದುಕೊಡಿ ಅಂತ ಮೂರು ಸಲ ಕೇಳಿದ್ರು. ಇಲ್ಲಿ ಮೇಡಂ "ಇದು ಕ್ಲಿಯರ್ ಆದ್ರೆ ಲೆಟರ್ ಈಗಲೇ ಪ್ರಿಂಟ್ ಹಾಕ್ತೀನಿ" ಅಂದ್ರು. ಫೋನ್‌ಪೇ ಮಾಡಿದೆ. "ನನ್ನ ಎಲ್ಲಾ ಬಾಕಿ ಚುಕ್ತಾ ಆಗಿದೆ, ಯಾವ ಹಕ್ಕೂ ಉಳಿದಿಲ್ಲ" ಅಂತ ಬರೆದಿದ್ದ ಕಡೆ ಸಹಿನೂ ಹಾಕಿದೆ. ಹಾಳೆ ಮಡಚಿ ಜೇಬಲ್ಲಿಟ್ಕೊಂಡು ಬಂದೆ. ಅದೊಂದೇ ನಾನು ಮಾಡಿದ ಬುದ್ಧಿವಂತಿಕೆ.

ಭಾನುವಾರ ದಾವಣಗೆರೆಗೆ ಬಂದಾಗ ಗೆಳೆಯನ ಜೊತೆ ಮಂಡಕ್ಕಿ ಮಿರ್ಚಿ ತಿನ್ನುತ್ತಾ ಆ ಹಾಳೆ ಬಿಚ್ಚಿದೆ. ಅವನು ಬೇರೆ ಕಡೆ ಪೇರೋಲ್ ನೋಡ್ತಾನೆ. ಎಣ್ಣೆ ಕೈ ಒರೆಸ್ಕೊಂಡು ಎರಡು ನಿಮಿಷ ನೋಡಿ ನಕ್ಕ. ಆ ನಗು ನೆನೆಸ್ಕೊಂಡ್ರೆ ಈಗಲೂ ಮೈ ಉರಿಯುತ್ತೆ. ಹಾಳೆಯಲ್ಲಿ ಇದ್ದದ್ದು ಹೀಗೆ: ಜೂನ್ ನಿವ್ವಳ ಸಂಬಳ 20,000, ರಜೆ ದುಡ್ಡು 12,000, ಒಟ್ಟು ಕೊಡಬೇಕಾದ್ದು 32,000. ಹಿಡಿದದ್ದು ನೋಟಿಸ್ 15,577, ಅದರ ಮೇಲೆ ಜಿಎಸ್‌ಟಿ 2,804, ಅಡ್ವಾನ್ಸ್ ಬಾಕಿ 20,000. ಅಲ್ಲಿಗೆ 38,381.

ಗೆಳೆಯ ಮೊದಲು ಬೆರಳಿಟ್ಟಿದ್ದು ಅಡ್ವಾನ್ಸ್ ಮೇಲೆ. "ಜೂನ್ ನಿವ್ವಳ 20,000 ಹೆಂಗ್ ಬಂತು ಹೇಳು" ಅಂದ. 27,000ದಲ್ಲಿ ಪಿಎಫ್ 1,800, ವೃತ್ತಿ ತೆರಿಗೆ 200 ಹೋದ್ರೆ 25,000 ಉಳೀಬೇಕು. 20,000 ಆಗಿದೆ ಅಂದ್ರೆ ಜೂನ್ ಕಂತು 5,000 ಅಲ್ಲೇ ಮುರಿದಾಗಿದೆ. ಫೆಬ್ರವರಿಯಿಂದ ಜೂನ್‌ವರೆಗೆ ಐದು ಕಂತು, 25,000 ತೀರಿದೆ, ಬಾಕಿ 15,000. ಆದ್ರೆ ಹಾಳೆಯಲ್ಲಿ ಮೇ ಕೊನೆಯ ಬಾಕಿ 20,000 ಎತ್ತಿ ಹಾಕಿದ್ದಾರೆ. ಒಂದೇ ಕಂತು ಎರಡು ಸಲ. ಸಂಬಳದ ಲೆಕ್ಕ ಒಬ್ರು ಮಾಡ್ತಾರೆ, ಕೊನೆ ಲೆಕ್ಕ ಇನ್ನೊಬ್ರು ಮಾಡ್ತಾರೆ, ಅಡ್ವಾನ್ಸ್ ಖಾತೆ ಯಾವ ತಾರೀಖಿಂದು ಅಂತ ಯಾರೂ ನೋಡಲ್ಲ. ಇದು ಬೇಕಂತ ಮಾಡಿದ್ದು ಅಂತ ನಾನು ಹೇಳಲ್ಲ. ಆದ್ರೆ ಅದೇ ಖಾತೆ ಮೂರು ವರ್ಷ ಬರೆದವನು ನಾನು, ನನಗೇ ಕಾಣ್ಲಿಲ್ವಲ್ಲ!

ಆಮೇಲೆ ನೋಟಿಸ್. ನನ್ನ ಲೆಕ್ಕದಲ್ಲಿ 10 ದಿನ, ಅವರ ಹಾಳೆಯಲ್ಲಿ 15 ದಿನ. ಯಾಕಂದ್ರೆ ಜೂನ್ 15ಕ್ಕೆ ರಾಜೀನಾಮೆ "ಅಂಗೀಕಾರ" ಆಯ್ತಂತೆ, ಅಲ್ಲಿಂದ ಎಣಿಸಿದ್ದಾರೆ. ಮ್ಯಾನೇಜರ್ ಐದು ದಿನ ಆ ಪತ್ರ ಮೇಜಿನ ಮೇಲೆ ಇಟ್ಕೊಂಡಿದ್ರೆ ಅದಕ್ಕೆ ನಾನು ದುಡ್ಡು ಕಟ್ಟಬೇಕಾ? ಪತ್ರದಲ್ಲಿರೋದು ಕೊಟ್ಟ ದಿನದಿಂದ ಅಂತ.

ಇನ್ನು ಭಾಗಾಕಾರದ ಆಟ. ಇದನ್ನ ಸರಿಯಾಗಿ ನೋಡಿ, ಬಹಳ ಕಡೆ ನಡೆಯೋದು ಇದೇ. ನನ್ನಿಂದ ಹಿಡಿಯೋವಾಗ 27,000ವನ್ನ 26ರಿಂದ ಭಾಗಿಸಿದ್ದಾರೆ, ದಿನಕ್ಕೆ 1,038 ಚಿಲ್ಲರೆ. ನನಗೆ ರಜೆ ದುಡ್ಡು ಕೊಡೋವಾಗ 15,000ವನ್ನ 30ರಿಂದ ಭಾಗಿಸಿದ್ದಾರೆ, ದಿನಕ್ಕೆ 500. ಹಿಡಿಯೋಕೆ 26, ಕೊಡೋಕೆ 30! 26 ಅನ್ನೋದು ಭಾನುವಾರ ಬಿಟ್ಟ ಕೆಲಸದ ದಿನಗಳ ಲೆಕ್ಕ. 26ರಿಂದ ಭಾಗಿಸಿದ ಮೇಲೆ ಕಡಿಮೆ ಬಿದ್ದ ದಿನಗಳನ್ನ ಎಣಿಸುವಾಗಲೂ ಭಾನುವಾರ ಬಿಡಬೇಕು. ಇವರು ಭಾಗಿಸಿದ್ದು ಕೆಲಸದ ದಿನದಿಂದ, ಗುಣಿಸಿದ್ದು ಕ್ಯಾಲೆಂಡರ್ ದಿನದಿಂದ. 30 ಹಿಡಿದ್ರೆ ದಿನಕ್ಕೆ 900, ಹತ್ತು ದಿನಕ್ಕೆ 9,000, ಅಷ್ಟೇ. ಇಲ್ಲ, 26ರಿಂದಲೇ ಭಾಗಿಸಬೇಕು ಅಂದ್ರೆ ಜುಲೈ 1ರಿಂದ 10ರೊಳಗೆ ಒಂದು ಭಾನುವಾರ ಬಿಟ್ಟು ಒಂಬತ್ತೇ ದಿನ ಹಿಡೀಲಿ, 9,346 ಆಗುತ್ತೆ. ಆದ್ರೆ ರಜೆಗೂ 26 ಹಾಕಿ 12,000ದ ಬದಲು 13,846 ಕೊಡಲಿ.

ಜಿಎಸ್‌ಟಿ ಬಗ್ಗೆ ಹೇಳಲೇಬೇಕು. ನೋಟಿಸ್ ದುಡ್ಡಿನ ಮೇಲೆ 18 ಪರ್ಸೆಂಟ್. "ನಿಮ್ಮನ್ನ ಬೇಗ ಬಿಟ್ಟಿದ್ದು ಕಂಪನಿ ಕೊಟ್ಟ ಸೇವೆ" ಅಂತ ಮೇಡಂ ಅವತ್ತೇ ಹೇಳಿದ್ರು, ನಾನು ಹೂಂ ಅಂದಿದ್ದೆ. ಹಿಂದೆ ಈ ಬಗ್ಗೆ ಗೊಂದಲ ಇತ್ತು ನಿಜ. ಆದ್ರೆ 2022ರ ಆಗಸ್ಟ್ 3ರ 178/10/2022 ಸಂಖ್ಯೆಯ ಜಿಎಸ್‌ಟಿ ಸುತ್ತೋಲೆಯಲ್ಲಿ, ನೌಕರ ಮಧ್ಯೆ ಬಿಟ್ಟು ಹೋದಾಗ ಹಿಡಿಯೋ ದುಡ್ಡು ಯಾವ ಸೇವೆಗೂ ಕೊಟ್ಟ ಪ್ರತಿಫಲ ಅಲ್ಲ, ಅದಕ್ಕೆ ತೆರಿಗೆ ಇಲ್ಲ ಅಂತ ಸ್ಪಷ್ಟ ಮಾಡಿದ್ದಾರೆ. ಅದೂ ಹೋಗ್ಲಿ, ತೆರಿಗೆ ಹಿಡಿದಿದ್ರೆ ನನ್ನ ಹೆಸರಿಗೆ ಜಿಎಸ್‌ಟಿ ಬಿಲ್ಲು ಎಲ್ಲಿ? ಬಿಲ್ಲೇ ಇಲ್ಲದ ಜಿಎಸ್‌ಟಿ. ದಿನಾ ಆ ಬಿಲ್ಲುಗಳನ್ನೇ ಎಂಟ್ರಿ ಮಾಡ್ತಿದ್ದವನಿಗೆ ಆ ಪ್ರಶ್ನೆ ಹೊಳೀಲಿಲ್ಲ.

30ರ ಲೆಕ್ಕವನ್ನೇ ಹಿಡಿದ್ರೂ 32,000ದಲ್ಲಿ ನೋಟಿಸ್ 9,000, ಅಡ್ವಾನ್ಸ್ 15,000 ಕಳೆದು ನನಗೆ 8,000 ಬರಬೇಕಿತ್ತು. ಬಾಯಿಲೆಕ್ಕ ಸರಿಯಾಗಿಯೇ ಇತ್ತು. 8,000 ಬರೋ ಬದಲು 6,381 ಕೊಟ್ಟು ಬಂದೆ. 14,381 ರೂಪಾಯಿ, ಒಂದೇ ಹಾಳೆಯಲ್ಲಿ.

ಇಷ್ಟನ್ನೂ ಬರೆದು ಮೇಲ್ ಹಾಕಿದೆ. ಉತ್ತರಗಳನ್ನ ಕೇಳಿ. ಮೇಡಂ: "ಸಿಸ್ಟಮ್ ಹಾಗೇ ತಗೊಳ್ಳುತ್ತೆ ಸರ್, ನಾವು ಏನೂ ಹಾಕಿಲ್ಲ." ಸಿಸ್ಟಮ್ ಅಂದ್ರೆ ಒಂದು ಎಕ್ಸೆಲ್ ಶೀಟು. ಅದರ ಫಾರ್ಮುಲಾ ಯಾರು ಹಾಕಿದ್ದು ಅಂತ ನಂಗೆ ಗೊತ್ತಿಲ್ವಾ? ಮ್ಯಾನೇಜರ್ ಫೋನಲ್ಲಿ: "ಏನಪಾ, ಮೂರು ವರ್ಷ ಇಲ್ಲೇ ಉಂಡು ಬೆಳೆದೋನು, ತಂಗಿ ಮದುವೆಗೆ ದುಡ್ಡು ಕೊಟ್ಟಾಗ ಲೆಕ್ಕ ಕೇಳಿದ್ವಾ?" ಅಣ್ಣಾ, ಕೊಟ್ಟ ದುಡ್ಡನ್ನ ಬಿಡು ಅಂತ ಯಾರು ಹೇಳಿದ್ರು, ಎರಡು ಸಲ ತಗೋಬೇಡಿ ಅಂತ ಅಲ್ವಾ ಹೇಳಿದ್ದು. ಕೊನೆಗೆ: "ಸಹಿ ಹಾಕಿದೀಯಲ್ಲಪ್ಪ, ಈಗೇನು?"

ಆ ಸಹಿ. ಅದೇ ಮಾತು ಮೂರು ಸಲ ಅಂದ್ರು.

ಸುತ್ತೋಲೆಯ ಪ್ರತಿ, ಫೆಬ್ರವರಿಯಿಂದ ಐದು ತಿಂಗಳ ಸ್ಯಾಲರಿ ಸ್ಲಿಪ್ ಎರಡೂ ಸೇರಿಸಿ ಮತ್ತೆ ಕಳಿಸಿ, ಕಾರ್ಮಿಕ ಇಲಾಖೆಗೆ ಅರ್ಜಿ ಕೊಡ್ತೀನಿ ಅಂತ ಒಂದು ಸಾಲು ಬರೆದ ಮೇಲೆ 7,804 ವಾಪಸ್ ಬಂತು. ಜಿಎಸ್‌ಟಿ ಮತ್ತು ಆ ಡಬಲ್ ಕಂತು. ಕ್ಷಮೆ ಗಿಮೆ ಏನೂ ಇಲ್ಲ, "ಅಡ್ಜಸ್ಟ್‌ಮೆಂಟ್" ಅಂತ ಒಂದೇ ಪದ. ನೋಟಿಸಿನ 6,577 ಇನ್ನೂ ಕೊಟ್ಟಿಲ್ಲ. ಅರ್ಜಿ ಕೊಟ್ಟಿದ್ದೀನಿ, ಜೂನ್ 10ರ ಬೆಳಗ್ಗೆ 11:42ಕ್ಕೆ ಹೋದ ಆ ಮೇಲ್ ನನ್ನ ಕೈಯಲ್ಲಿರೋ ಒಂದೇ ಸಾಕ್ಷಿ. ಪೇಪರಲ್ಲಿ ಕೊಟ್ಟದ್ದಕ್ಕೆ ಇನ್‌ವರ್ಡ್ ಸೀಲ್ ಹಾಕಿಸ್ಕೊಂಡಿರ್ಲಿಲ್ಲ.

ನೀವು ಕೆಲಸ ಬಿಡೋದಾದ್ರೆ ರಾಜೀನಾಮೆ ಇಮೇಲಲ್ಲೇ ಹಾಕಿ. ಕೊನೆ ದಿನದ ಅಡ್ವಾನ್ಸ್ ಬಾಕಿ ಮತ್ತು ಉಳಿದ ರಜೆ ಎಷ್ಟು ಅಂತ, ಲಾಗಿನ್ ಬಂದ್ ಆಗೋ ಮೊದಲೇ ಬರವಣಿಗೆಯಲ್ಲಿ ತರಿಸ್ಕೊಳ್ಳಿ. ಶೀಟನ್ನ ಮೊದಲು ಮೇಲ್ ಮಾಡಿ ಅಂತ ಹೇಳಿ, ಅವರ ಮೇಜಿನ ಮುಂದೆ ಕೂತು ಓದಬೇಡಿ. ಸಹಿ ಹಾಕಲೇಬೇಕಾಗಿ ಬಂದ್ರೆ "ಲೆಕ್ಕಕ್ಕೆ ತಕರಾರಿದೆ" ಅಂತ ಪಕ್ಕದಲ್ಲೇ ಕೈಯಲ್ಲಿ ಬರೆದು ಹಾಕಿ, ಮೂತಿ ಊದಿಸ್ಕೊಂಡ್ರೆ ಊದಿಸ್ಕೊಳ್ಳಲಿ.

ಇನ್ನೊಂದು. ನನ್ನ ಪಿಎಫ್ ಖಾತೆಯಲ್ಲಿ ಕೆಲಸ ಬಿಟ್ಟ ತಾರೀಖನ್ನೇ ಹಾಕದೆ ಕೂತಿದ್ರು, ಅದೂ ಒಂದು ಹಿಡಿತ ಅಂದ್ಕೊಂಡು. ಕೊನೆ ವಂತಿಗೆ ಬಿದ್ದು ಎರಡು ತಿಂಗಳಾದ ಮೇಲೆ ಸದಸ್ಯರ ಪೋರ್ಟಲಲ್ಲಿ Mark Exit ಒತ್ತಿ ನಾವೇ ಹಾಕ್ಕೋಬಹುದು, ಆಧಾರ್ ಒಟಿಪಿ ಸಾಕು. ಮೊನ್ನೆ ಹಾಕಿದೆ. ಅದಾದ ಮಾರನೇ ದಿನ ಮೇಡಂ ಮೆಸೇಜ್: "ಸರ್, ನಮ್ಮನ್ನ ಒಂದು ಮಾತು ಕೇಳಬಹುದಿತ್ತು."