ಅಡಿಕೆ ಫೋಟೊ, ನಾಲ್ಕು ಆ್ಯಕ್ಟಿವೇಶನ್, ಸತ್ತ ನ್ಯೂರಾನ್‌ಗಳು

ಬದಿಯಡ್ಕದ ಕಡೆ ಅಡಿಕೆ ಸುಲಿದ ಮೇಲೆ ವಿಂಗಡಿಸುವುದೇ ದೊಡ್ಡ ಕೆಲಸ. ಹೊಸ ಚಾಲಿ, ಪಟೋರ, ಉಳ್ಳಿಗಡ್ಡೆ, ಕರಿಗೋಟು, ಒಂದೊಂದಕ್ಕೂ ಬೇರೆ ರೇಟು. ಫೋನ್‌ನಲ್ಲಿ ತೆಗೆದ ಫೋಟೊ ನೋಡಿ ಈ ನಾಲ್ಕನ್ನು ಗುರುತಿಸುವ ಪುಟ್ಟ ನೆಟ್‌ವರ್ಕ್ ಒಂದನ್ನು ಪೈಟಾರ್ಚ್‌ನಲ್ಲಿ ಕಟ್ಟಿದೆ. ಐದು ಪದರ, ಮೊದಲನೆಯದರಲ್ಲಿ 64 ಫಿಲ್ಟರ್, ಒಂದೊಂದನ್ನೂ ಇಲ್ಲಿ ಒಂದು ನ್ಯೂರಾನ್ ಎನ್ನುತ್ತೇನೆ. ಉಳಿದದ್ದೆಲ್ಲ ಹಾಗೇ ಇಟ್ಟು, ನ್ಯೂರಾನ್‌ನ ಒಳಮೊತ್ತದಲ್ಲಿ ಎಷ್ಟನ್ನು ಮುಂದಕ್ಕೆ ಬಿಡಬೇಕೆಂದು ತೀರ್ಮಾನಿಸುವ ಆ್ಯಕ್ಟಿವೇಶನ್ ಮಾತ್ರ ಬದಲಿಸಿ ನೋಡಿದೆ: ಸಿಗ್ಮಾಯ್ಡ್, ರೆಲು, ಲೀಕಿ ರೆಲು, ಗೆಲು.

ಸಿಗ್ಮಾಯ್ಡ್ ವಿಷಯ ಬೇಗ ಮುಗಿಯುತ್ತದೆ. ಅದರ ಇಳಿಜಾರು ಎಷ್ಟೇ ಜಾಸ್ತಿ ಎಂದರೂ 0.25. ತೂಕಗಳನ್ನು ತಿದ್ದುವ ಗ್ರೇಡಿಯಂಟ್ ಐದು ಪದರ ದಾಟಿ ಹಿಂದಕ್ಕೆ ಬರುವಾಗ 0.25 ಐದು ಸಲ ಗುಣವಾಗಿ ಸುಮಾರು 0.001 ಆಗುತ್ತದೆ. ಮೊದಲ ಪದರಕ್ಕೆ ಕಲಿಯಲು ಏನೂ ಉಳಿಯುವುದಿಲ್ಲ. ಲಾಸ್, ಅಂದರೆ ತಪ್ಪಿನ ಅಳತೆ, 1.39ರ ಆಸುಪಾಸಿನಲ್ಲೇ ನಿಂತಿತು. ನಾಲ್ಕು ಬಗೆಗೂ ಸಮಾನ ಫೋಟೊ ಇರುವಾಗ ಕಣ್ಣುಮುಚ್ಚಿ ಊಹಿಸಿದರೂ ಅಷ್ಟೇ ಬರುತ್ತದೆ. ಒಳಪದರಗಳಿಗೆ ಅದು ಬೇಡ. 'ಕರಿಗೋಟು ಹೌದೋ ಅಲ್ಲವೋ' ಎಂಬಂಥ ಒಂದೇ ಪ್ರಶ್ನೆ ಇದ್ದರೆ ಕೊನೆಯ ಪದರಕ್ಕೆ ಮಾತ್ರ ಅದೇ ಸರಿ.

ರೆಲು ಸೊನ್ನೆಗಿಂತ ಕೆಳಗಿನದನ್ನೆಲ್ಲ ಸೊನ್ನೆ ಮಾಡುತ್ತದೆ, ಮೇಲಿನದನ್ನು ಹಾಗೇ ಬಿಡುತ್ತದೆ. ಇಲ್ಲಿ ಒಂದು ವಿಷಯದಲ್ಲಿ ತುಂಬ ಜನರಿಗೆ ಗೊಂದಲ. ಒಂದು ಫೋಟೊಗೆ ನ್ಯೂರಾನ್ ಸೊನ್ನೆ ಕೊಟ್ಟರೆ ಅದು ಸತ್ತಿಲ್ಲ, ಆ ಫೋಟೊದಲ್ಲಿ ಅದಕ್ಕೆ ಹೇಳಲು ಏನೂ ಇಲ್ಲ ಅಷ್ಟೆ. ಎಲ್ಲ ಫೋಟೊಗಳಿಗೂ ಸೊನ್ನೆಯೇ ಬಂದರೆ ಸತ್ತಿದೆ ಎನ್ನಬೇಕು. ಆಗ ಅದರ ಗ್ರೇಡಿಯಂಟ್ ಕೂಡ ಸೊನ್ನೆ, ತೂಕಗಳು ಕದಲುವುದಿಲ್ಲ, ತಾನಾಗಿ ಎದ್ದು ಬರುವ ದಾರಿ ಇಲ್ಲ.

ಸಾಯುವುದು ಹೇಗೆಂದು ನೋಡಲು ಬೇಕೆಂದೇ ಪಿಕ್ಸೆಲ್‌ಗಳನ್ನು 0ಯಿಂದ 255ರ ಅಳತೆಯಲ್ಲೇ ಕೊಟ್ಟೆ. ಲೆಕ್ಕ ಸುಲಭವಾಗಲೆಂದು ನ್ಯೂರಾನ್‌ಗೆ ಒಂದೇ ತೂಕ ಇದೆ ಅಂದುಕೊಳ್ಳಿ, ಅದು 0.02. ಪಿಕ್ಸೆಲ್ 200, ಅಂದರೆ ಒಳಮೊತ್ತ 4. ಮೇಲಿನಿಂದ ಬಂದ ಗ್ರೇಡಿಯಂಟ್ 0.5 ಆದರೆ ತೂಕದ ಗ್ರೇಡಿಯಂಟ್ 0.5 × 200 = 100. ಲರ್ನಿಂಗ್ ರೇಟ್ 0.01 ಇದ್ದರೆ ಒಂದೇ ಹೆಜ್ಜೆಗೆ ತೂಕ 1 ಇಳಿದು −0.98 ಆಗುತ್ತದೆ. ಒಳಮೊತ್ತ ಈಗ −196. ಪಿಕ್ಸೆಲ್ ಎಂದೂ ಸೊನ್ನೆಗಿಂತ ಕೆಳಗಿರುವುದಿಲ್ಲ ಅಲ್ವಾ? ಹಾಗಾಗಿ ಇನ್ನು ಯಾವ ಅಡಿಕೆ ತೋರಿಸಿದರೂ ಅದು ಎಚ್ಚರಗೊಳ್ಳುವುದಿಲ್ಲ. ಅದೇ ಪಿಕ್ಸೆಲನ್ನು 255ರಿಂದ ಭಾಗಿಸಿ ಕೊಟ್ಟಿದ್ದರೆ ತೂಕ 0.004ರಷ್ಟು ಮಾತ್ರ ಇಳಿಯುತ್ತಿತ್ತು.

ಲಾಸ್ ನೋಡಿದರೆ ಇದು ಗೊತ್ತಾಗುವುದಿಲ್ಲ. ಉಳಿದ ಫಿಲ್ಟರ್‌ಗಳು ಕಲಿಯುತ್ತಲೇ ಇರುತ್ತವೆ, ಲಾಸ್ ಇಳಿಯುತ್ತಲೇ ಇರುತ್ತದೆ. ಎಣಿಸಿಯೇ ನೋಡಬೇಕು:

```python
alive = torch.zeros(64, dtype=torch.bool)

def hook(module, inp, out):
    alive.logical_or_(out.amax(dim=(0, 2, 3)).cpu() > 0)

model.relu1.register_forward_hook(hook)
```

ಇದಾದ ಮೇಲೆ `model.eval()` ಹಾಕಿ ಎಲ್ಲ ಫೋಟೊಗಳನ್ನೂ ಒಮ್ಮೆ ದಾಟಿಸಿ. ಆಮೇಲೆ `(~alive).sum()` ಸತ್ತವು ಎಷ್ಟೆಂದು ಹೇಳುತ್ತದೆ. ನನ್ನ ಮೊದಲ ಪದರದಲ್ಲಿ ಸುಮಾರು ಮೂರನೇ ಒಂದು ಪಾಲು ಹೋಗಿತ್ತು.

ಲೀಕಿ ರೆಲು ಸೊನ್ನೆಗಿಂತ ಕೆಳಗೂ ಸಣ್ಣ ಇಳಿಜಾರು ಉಳಿಸುತ್ತದೆ. ಪೈಟಾರ್ಚ್‌ನಲ್ಲಿ ಅದು 0.01, ಕೆರಾಸ್‌ನಲ್ಲಿ 0.3. ಅಲ್ಲಿಯ ಕೋಡ್ ಇಲ್ಲಿಗೆ ತಂದರೆ ಇದನ್ನು ಮರೆಯಬೇಡಿ. ಮೇಲಿನ ನ್ಯೂರಾನನ್ನೇ ತಗೊಳ್ಳಿ. ಗ್ರೇಡಿಯಂಟ್ ಈಗ 0.5 × 0.01 × 200 = 1, ಹೆಜ್ಜೆಗೆ 0.01. ಮೇಲಕ್ಕೆ ಬಾ ಎಂದು ಎಲ್ಲ ಫೋಟೊಗಳೂ ಒಂದೇ ಸಮನೆ ಎಳೆದರೆ ನೂರರಷ್ಟು ಹೆಜ್ಜೆಗೆ ಎದ್ದು ಬರುತ್ತದೆ. ಬರುತ್ತದೆ ಎನ್ನುವುದು ದೊಡ್ಡದೇ. ಆದರೆ ಹೊಯ್ದಾಟ ನಿಲ್ಲುವುದಿಲ್ಲ. ಲಾಸ್ ಏರಿಳಿಯುತ್ತಲೇ ಇತ್ತು, ಏಕೆಂದರೆ ಅಳತೆಗೆ ತರದ ಪಿಕ್ಸೆಲ್ ಎಂಬ ಮೂಲ ಕಾರಣ ಹಾಗೇ ಇದೆ.

ಗೆಲು ಬಗ್ಗೆ ನನಗೆ ನಿರೀಕ್ಷೆ ಜಾಸ್ತಿ ಇತ್ತು. 2016ರಲ್ಲಿ ಬಂದದ್ದು, ಬರ್ಟ್ ಮತ್ತು ಜಿಪಿಟಿ-2 ಅದನ್ನೇ ಬಳಸಿದವು. ಸೊನ್ನೆಯ ಹತ್ತಿರ ಅದು ನುಣುಪಾಗಿ ಬಾಗುತ್ತದೆ. ಒಳಮೊತ್ತ −1 ಇದ್ದರೂ ಇಳಿಜಾರು −0.08ರಷ್ಟು ಇರುತ್ತದೆ. ಹಾಗಾಗಿ ಸ್ವಲ್ಪ ಕೆಳಗೆ ಜಾರಿದ ನ್ಯೂರಾನ್ ಬದುಕಿಕೊಳ್ಳುತ್ತದೆ. ಆದರೆ −4 ದಾಟಿದರೆ ಇಳಿಜಾರು ಇಲ್ಲವೆಂದೇ ಲೆಕ್ಕ, −196ರಲ್ಲಿ ಕಂಪ್ಯೂಟರಿಗೆ ಅದು ಸೊನ್ನೆಯೇ. ಗೆಲು ಹಾಕಿದರೆ ನ್ಯೂರಾನ್ ಸಾಯುವುದಿಲ್ಲ ಎನ್ನುವ ಮಾತು ಸುಮ್ನೆ. ಲೆಕ್ಕವೂ ರೆಲುಗಿಂತ ಭಾರ.

ಆಮೇಲೆ ಪಿಕ್ಸೆಲ್‌ಗಳನ್ನು ಸರಿಯಾಗಿ ಅಳತೆಗೆ ತಂದು, ಲರ್ನಿಂಗ್ ರೇಟ್ 0.001ಕ್ಕೆ ಇಳಿಸಿ, ಪ್ರತಿ ಆ್ಯಕ್ಟಿವೇಶನ್‌ನ ಮುಂಚೆ ಒಳಮೊತ್ತಗಳನ್ನು ಒಂದು ಅಳತೆಗೆ ತರುವ ಬ್ಯಾಚ್‌ನಾರ್ಮ್ ಇಟ್ಟೆ. ರೆಲು, ಲೀಕಿ, ಗೆಲು ಮೂರರ ನಡುವೆ ಹೇಳುವಂಥ ವ್ಯತ್ಯಾಸವೇ ಉಳಿಯಲಿಲ್ಲ. ನಾನು ಇಟ್ಟುಕೊಂಡದ್ದು ರೆಲು. ಬ್ಯಾಚ್‌ನಾರ್ಮ್ ಹಾಕಲಾಗದ ಕಡೆ ಲೀಕಿ ತಗೊಳ್ಳುತ್ತೇನೆ. ಬೇರೆಯವರು ತರಬೇತಿ ಕೊಟ್ಟ ಮಾಡೆಲ್‌ನಲ್ಲಿ ಗೆಲು ಇದ್ದರೆ ಅದನ್ನು ಮುಟ್ಟುವುದಿಲ್ಲ.

ಒಂದೆರಡು ಫಿಲ್ಟರ್ ಈಗಲೂ ಸತ್ತಿವೆ, ಅದರಿಂದ ತೊಂದರೆ ಇಲ್ಲ. ಅವು ಮುಂದಿನ ಪದರಕ್ಕೆ ಕೊಡುವುದು ಬರೀ ಸೊನ್ನೆ. ಕಿತ್ತು ಹಾಕಿದರೂ ಅದೇ ಫೋಟೊಗಳಿಗೆ ಉತ್ತರ ಬದಲಾಗುವುದಿಲ್ಲ, ಫೋನ್‌ಗೆ ಹಾಕುವ ಮಾಡೆಲ್ ಅಷ್ಟು ಸಣ್ಣದಾಗುತ್ತದೆ. ಕೀಳುವ ಮೊದಲು ಮಳೆಗಾಲದ ಆಟಿ ತಿಂಗಳ ಮಂದ ಬೆಳಕಿನಲ್ಲಿ ತೆಗೆದ ಫೋಟೊಗಳನ್ನೂ, ಬೇರೆ ಮನೆಯ ಅಡಿಕೆಯನ್ನೂ ಅದೇ ಹುಕ್‌ನಲ್ಲಿ ದಾಟಿಸಿ ನೋಡಿ. ನಮ್ಮಂಗಳದ ಬಿಸಿಲಿಗೆ ಸುಮ್ಮನಿದ್ದ ಫಿಲ್ಟರ್ ಅಲ್ಲಿ ಕೆಲಸ ಮಾಡುತ್ತಿರಬಹುದು.