ತುಂಬಿದರೆ ನೋವು, ಹೋಗಿಬಂದರೆ ಹಾಯಿ: ಮೂತ್ರಕೋಶದ ನೋವಿಗೆ ನಾನು ಮಾಡಿ ನೋಡಿದ ಐದು ದಾರಿಗಳು

ಒಂದೂವರೆ ವರ್ಷ ನಾನು ಇದನ್ನು ಉರಿಮೂತ್ರ ಅಂತಲೇ ಅಂದುಕೊಂಡಿದ್ದೆ. ಅತ್ತೆಯವರು "ಉಷ್ಣ ಆಗಿದೆ ಕಣಮ್ಮಾ" ಅಂತ ಬಾರ್ಲಿ ನೀರು ಕೊಟ್ಟರು, ನಿಂಬೆ ಪಾನಕ ಕೊಟ್ಟರು. ಕ್ಲಿನಿಕ್ಕಿನಲ್ಲಿ ಆಂಟಿಬಯೋಟಿಕ್ ಕೊಟ್ಟರು, ಒಟ್ಟು ಐದು ಕೋರ್ಸ್. ಮೂರು ಸಲ ಮೂತ್ರದ ಕಲ್ಚರ್ ಮಾಡಿಸಿದೆ, ಮೂರು ಸಲವೂ ಯಾವ ಬ್ಯಾಕ್ಟೀರಿಯವೂ ಬೆಳೆಯಲಿಲ್ಲ. ಆದರೂ ಮಾತ್ರೆ ಮಾತ್ರ ನಿಲ್ಲಲಿಲ್ಲ.

ಕೊನೆಗೆ ಯೂರಾಲಜಿಸ್ಟ್ ಒಬ್ಬರು ಬೇರೆ ಯಾರೂ ಕೇಳದ ಪ್ರಶ್ನೆ ಕೇಳಿದರು. "ಮೂತ್ರಕ್ಕೆ ಹೋಗುವಾಗ ನೋವು ಜಾಸ್ತಿಯೋ, ಹೋಗೋದಕ್ಕೆ ಮುಂಚೆ ಜಾಸ್ತಿಯೋ?" ಮುಂಚೆ, ಅಂದೆ. ಶಾಲೆಯಲ್ಲಿ ಎರಡನೇ ಪೀರಿಯಡ್ ಪಾಠ ಮುಗಿಯುವ ಹೊತ್ತಿಗೆ ಕಿಬ್ಬೊಟ್ಟೆಯಲ್ಲಿ ಒತ್ತಿದ ಹಾಗೆ ಶುರುವಾಗಿ, ಅದು ಏರುತ್ತಾ ಏರುತ್ತಾ ಬೋರ್ಡಿನ ಮೇಲೆ ಬರೆಯುವ ಕೈ ನಿಂತುಬಿಡುತ್ತಿತ್ತು, ಸ್ಟಾಫ್ ಟಾಯ್ಲೆಟ್ಟಿಗೆ ಓಡಿ ಒಂದಕ್ಕೆ ಹೋಗಿಬಂದರೆ ಹದಿನೈದು ಇಪ್ಪತ್ತು ನಿಮಿಷ ಹಾಯಾಗಿರುತ್ತಿತ್ತು, ಆಮೇಲೆ ಮತ್ತೆ ಮೊದಲಿಂದ. ಸೋಂಕು ಆದರೆ ಸಾಮಾನ್ಯವಾಗಿ ಹೋಗುವಾಗ ಉರಿ. ಇದು ತುಂಬುವಾಗ ನೋವು. ಇದಕ್ಕೆ ಇಂಟರ್‌ಸ್ಟಿಷಿಯಲ್ ಸಿಸ್ಟೈಟಿಸ್ ಅನ್ನುತ್ತಾರೆ, ಮೂತ್ರಕೋಶದ ನೋವಿನ ಸಿಂಡ್ರೋಮ್ ಅಂತಲೂ ಹೆಸರಿದೆ. ಆರು ವಾರಕ್ಕಿಂತ ಹೆಚ್ಚು ಕಾಲ ಇದ್ದು, ಸೋಂಕು ಅಥವಾ ಬೇರೆ ಕಾರಣ ಯಾವುದೂ ಸಿಗದಿದ್ದರೆ ಈ ಹೆಸರು ಕೊಡುತ್ತಾರೆ.

ಆ "ಬೇರೆ ಕಾರಣ" ನೋಡುವುದು ಸುಮ್ನೆ ಶಾಸ್ತ್ರಕ್ಕಲ್ಲ. ನಮ್ಮಲ್ಲಿ ಮೂತ್ರಕೋಶದ ಟಿಬಿಯೂ ಇದೇ ವೇಷದಲ್ಲಿ ಬರುತ್ತದೆ. ಮೂತ್ರದಲ್ಲಿ ಕೀವಿನ ಕಣ ಇರುತ್ತವೆ, ಮಾಮೂಲಿ ಕಲ್ಚರಿನಲ್ಲಿ ಏನೂ ಬೆಳೆಯುವುದಿಲ್ಲ. ಅದಕ್ಕೆ ಬೆಳಗಿನ ಮೊದಲ ಮೂತ್ರವನ್ನು ಮೂರು ದಿನ ಕೊಟ್ಟು ಟಿಬಿ ಪರೀಕ್ಷೆ ಮಾಡಿಸಿದೆ. ಸ್ಕ್ಯಾನ್ ಆಯಿತು, ಕ್ಯಾಮೆರಾ ಹಾಕಿ ಒಳಗೂ ನೋಡಿದರು. ಮೂತ್ರದಲ್ಲಿ ರಕ್ತ ಕಂಡವರಂತೂ ಈ ಕ್ಯಾಮೆರಾ ಪರೀಕ್ಷೆಯನ್ನು ಬಿಡಲೇಬಾರದು. ಕೆಲವರಿಗೆ ಒಳಪದರದಲ್ಲಿ ಹನ್ನರ್ ಹುಣ್ಣು ಅನ್ನುವ ಕೆಂಪು ಗಾಯಗಳು ಸಿಗುತ್ತವೆ. ಅಂಥವರಿಗೆ ಆ ಜಾಗವನ್ನೇ ಸುಟ್ಟರೆ ಅಥವಾ ಅಲ್ಲಿಗೇ ಸ್ಟಿರಾಯ್ಡ್ ಇಂಜೆಕ್ಷನ್ ಕೊಟ್ಟರೆ ನೋವು ಬೇಗ ಇಳಿಯುವುದುಂಟು, ಅವರ ದಾರಿಯೇ ಬೇರೆ. ನನಗೆ ಹುಣ್ಣು ಇರಲಿಲ್ಲ. ಕೆಳಗಿನ ಹೋಲಿಕೆ ಹುಣ್ಣಿಲ್ಲದವರದ್ದು ಅಂತ ಓದಿಕೊಳ್ಳಿ.

ಶುರು ಮಾಡುವ ಮುಂಚೆ ಡಾಕ್ಟರು ಮೂರು ದಿನದ ಲೆಕ್ಕ ಬರೆಯಿಸಿದರು. ಹಳೇ ಅಳತೆ ಲೋಟ ಒಂದನ್ನು ಬಚ್ಚಲಲ್ಲಿಟ್ಟುಕೊಂಡೆ. ಪ್ರತಿ ಸಲವೂ ಗಂಟೆ, ಎಷ್ಟು ಮಿ.ಲೀ., ಹೋಗುವ ಮುಂಚೆ ಹತ್ತಕ್ಕೆ ಎಷ್ಟು ನೋವು, ಅಷ್ಟೇ. ದಿನಕ್ಕೆ 17 ಸಲ, ಅದರಲ್ಲಿ ರಾತ್ರಿ 4. ಪ್ರತಿ ಸಲ ಸುಮಾರು 95 ಮಿ.ಲೀ., ನೋವು 7. ಆರೋಗ್ಯವಂತರು ಮುನ್ನೂರು ನಾನೂರು ಮಿ.ಲೀ. ಆರಾಮಾಗಿ ಹಿಡಿದುಕೊಳ್ಳುತ್ತಾರೆ. ಕೂಡಿ ನೋಡಿದರೆ ದಿನದ ಮೂತ್ರ 1600 ಮಿ.ಲೀ. ಹತ್ತಿರ, ಅಂದರೆ ಮಾಮೂಲಿ. ನೀರು ಜಾಸ್ತಿ ಕುಡಿದು ಓಡಾಡುತ್ತಿದ್ದೆ ಅನ್ನುವ ಅನುಮಾನ ಅಲ್ಲಿಗೆ ಹೋಯಿತು. ಮುಂದೆ ಯಾವುದು ಕೆಲಸ ಮಾಡಿತು, ಯಾವುದು ಮಾಡಲಿಲ್ಲ ಅಂತ ಹೇಳುವುದೆಲ್ಲ ಈ ಲೋಟದ ಲೆಕ್ಕದ ಮೇಲೆಯೇ.

ಮೊದಲು ಊಟ. ಇದು ಖರ್ಚಿಲ್ಲದ್ದು, ಆದರೆ ನಮ್ಮ ಅಡುಗೆಮನೆಯಲ್ಲಿ ಇದರಷ್ಟು ಕಷ್ಟದ್ದು ಇನ್ನೊಂದಿಲ್ಲ. ಕಾಫಿ, ಟೀ, ಟೊಮೆಟೊ, ನಿಂಬೆ, ಹುಣಸೆ, ಹಸಿಮೆಣಸು, ಸೋಡಾ ಎಲ್ಲವನ್ನೂ ಮೂರು ವಾರ ಬಿಟ್ಟೆ. ಹುಣಸೆ ಟೊಮೆಟೊ ಎರಡೂ ಇಲ್ಲದೆ ಸಾರು ಅಂತ ಏನು ಮಾಡುವುದು ಹೇಳಿ! ಹೆಸರುಬೇಳೆ ತೊವ್ವೆ, ಸೋರೆಕಾಯಿ, ರಾಗಿ ಅಂಬಲಿ ಅಂತ ದಿನ ತಳ್ಳಿದೆ. ಆಮೇಲೆ ಮೂರು ದಿನಕ್ಕೆ ಒಂದರಂತೆ ಒಂದೊಂದನ್ನೇ ವಾಪಸ್ ಸೇರಿಸಿದೆ. ಎರಡನ್ನು ಒಟ್ಟಿಗೆ ಸೇರಿಸಿದರೆ ಕಳ್ಳ ಯಾರು ಅಂತ ಗೊತ್ತಾಗುವುದಿಲ್ಲ. ನನಗೆ ಸಿಕ್ಕ ಕಳ್ಳರು ಎರಡೇ: ಫಿಲ್ಟರ್ ಕಾಫಿ ಮತ್ತು ನಿಂಬೆ. ಕುಡಿದ ಎರಡು ಮೂರು ಗಂಟೆಯಲ್ಲಿ ನೋವು 8ಕ್ಕೆ ಏರುತ್ತಿತ್ತು. ಉಷ್ಣಕ್ಕೆ ಅಂತ ದಿನಾ ಕುಡಿಯುತ್ತಿದ್ದ ಆ ಪಾನಕವೇ ಉರಿಗೆ ತುಪ್ಪ ಸುರಿಯುತ್ತಿತ್ತು, ಪಾಪ ಅತ್ತೆಗೆ ಏನು ಗೊತ್ತು. ಹುಣಸೆ ಏನೂ ಮಾಡಲಿಲ್ಲ. ಎಲ್ಲರಿಗೂ ಒಂದೇ ಪಟ್ಟಿ ಹೊಂದುವುದಿಲ್ಲ, ಹಾಗಾಗಿ ಇಡೀ ಪಟ್ಟಿಯನ್ನು ಜೀವನಪೂರ್ತಿ ಬಿಟ್ಟು ಕೂರುವುದು ಬೇಡ. ನೀರು ಕಡಿಮೆ ಮಾಡಿಯೂ ನೋಡಿದ್ದೆ, ಅದು ತಪ್ಪು. ಮೂತ್ರ ಗಟ್ಟಿಯಾಗಿ ಇನ್ನೂ ಚುಚ್ಚಿತು. ಊಟದ ಫಲ: 17 ಇದ್ದದ್ದು 14 ಆಯಿತು, ನೋವು 7 ಇದ್ದದ್ದು 6.

ಆಮೇಲೆ ಮಾತ್ರೆಗಳು. ಇಲ್ಲಿ ನಿಜವಾದ ಪೈಪೋಟಿ ಎರಡರ ನಡುವೆ, ಅಮಿಟ್ರಿಪ್ಟಿಲಿನ್ ಮತ್ತು ಪೆಂಟೋಸಾನ್. ಎರಡೂ ಕೆಲಸ ಮಾಡುವ ಜಾಗ ಬೇರೆ. ಮೂತ್ರಕೋಶದ ಒಳಮೈಗೆ ಲೋಳೆಯಂಥ ತೆಳು ಲೇಪ ಇರುತ್ತದೆ. ಅದು ಸವೆದರೆ ಮೂತ್ರದ ಪೊಟ್ಯಾಸಿಯಂ ಮುಂತಾದ್ದು ಗೋಡೆಯೊಳಗೆ ಇಳಿದು ನರಗಳನ್ನು ಕೆರಳಿಸುತ್ತದೆ ಅನ್ನುವುದು ಒಂದು ವಿವರಣೆ. ಹಾಗೆ ತಿಂಗಳುಗಟ್ಟಲೆ ಕೆರಳಿದ ನರಗಳು ಸ್ವಲ್ಪ ತುಂಬಿದರೂ ಕೂಗಿಕೊಳ್ಳುವ ಅಭ್ಯಾಸ ಮಾಡಿಕೊಳ್ಳುತ್ತವೆ ಅನ್ನುವುದು ಇನ್ನೊಂದು. ಪೆಂಟೋಸಾನ್ ಲೇಪಕ್ಕೆ, ಅಮಿಟ್ರಿಪ್ಟಿಲಿನ್ ನರಕ್ಕೆ.

ಪೆಂಟೋಸಾನ್ 100 ಮಿ.ಗ್ರಾಂ., ದಿನಕ್ಕೆ ಮೂರು, ಊಟಕ್ಕೆ ಒಂದು ಗಂಟೆ ಮುಂಚೆ ಅಥವಾ ಎರಡು ಗಂಟೆ ಆದಮೇಲೆ. ಶಾಲೆಯ ಗಂಟೆಗೂ ಇದಕ್ಕೂ ಹೊಂದಿಸುವುದೇ ಒಂದು ಸರ್ಕಸ್ಸು. ಫಲ ಕಾಣಲು ಮೂರರಿಂದ ಆರು ತಿಂಗಳು ಬೇಕು ಅಂದಿದ್ದರು. ನಾಲ್ಕು ತಿಂಗಳು ತಗೊಂಡೆ, ಲೋಟದ ಲೆಕ್ಕ ಅಲ್ಲಾಡಲಿಲ್ಲ. ಇನ್ನೊಂದು ವಿಷಯ: ಇದನ್ನು ವರ್ಷಗಟ್ಟಲೆ ತಗೊಂಡ ಕೆಲವರಿಗೆ ಕಣ್ಣಿನ ರೆಟಿನಾ ಹಾಳಾಗುವುದು 2018ರಲ್ಲಿ ಬೆಳಕಿಗೆ ಬಂತು, 2020ರಲ್ಲಿ ಅಮೆರಿಕದಲ್ಲಿ ಲೇಬಲ್ ಮೇಲೆ ಎಚ್ಚರಿಕೆಯೂ ಸೇರಿತು. ಶುರು ಮಾಡುವಾಗಲೇ ರೆಟಿನಾ ಪರೀಕ್ಷೆ ಮಾಡಿಸಬೇಕೇ ಅಂತ ಕೇಳಿ. ರಕ್ತವನ್ನೂ ಸ್ವಲ್ಪ ತೆಳು ಮಾಡುತ್ತದೆ, ಆಸ್ಪಿರಿನ್ ತಗೊಳ್ಳುವವರು ಹೇಳಲೇಬೇಕು. ನಾನು ಬಿಟ್ಟೆ.

ಅಮಿಟ್ರಿಪ್ಟಿಲಿನ್ ಹಳೇ ಮಾತ್ರೆ, ಅಗ್ಗದ್ದು. ಮೆಡಿಕಲ್ ಶಾಪಿನವನು "ಇದು ಡಿಪ್ರೆಶನ್ನಿಗೆ ಕೊಡೋದಲ್ವಾ ಮೇಡಂ" ಅಂತ ಮುಖ ನೋಡಿದ. ಹೌದು, ಆದರೆ ಅದಕ್ಕಿಂತ ಕಡಿಮೆ ಡೋಸಿನಲ್ಲಿ ನರದ ನೋವಿಗೂ ಕೊಡುತ್ತಾರೆ. ರಾತ್ರಿ 10 ಮಿ.ಗ್ರಾಂ. ಇಂದ ಶುರು, ಎರಡು ವಾರದ ಮೇಲೆ 25. ಮೊದಲ ವಾರ ಬೆಳಗ್ಗೆ ಪ್ರಾರ್ಥನೆಯಲ್ಲೇ ತೂಕಡಿಸುತ್ತಿದ್ದೆ. ಮಲಗುವಾಗ ನುಂಗುವ ಬದಲು ಎಂಟು ಗಂಟೆಗೇ ನುಂಗಿದಾಗ ಅದು ಕಡಿಮೆಯಾಯಿತು. ಬಾಯಿ ಒಣಗುತ್ತದೆ, ಹೊಟ್ಟೆ ಕಟ್ಟುತ್ತದೆ. ಈ ಹೊಟ್ಟೆ ಕಟ್ಟುವುದನ್ನು ಹಗುರಾಗಿ ನೋಡಬೇಡಿ, ತುಂಬಿದ ಕರುಳು ಮೂತ್ರಕೋಶವನ್ನು ಒತ್ತಿ ನೋವು ಜಾಸ್ತಿ ಮಾಡುತ್ತದೆ. ತೂಕ ಮೂರು ಕೆಜಿ ಏರಿತು. ಆದರೆ ಆರನೇ ವಾರಕ್ಕೆ ರಾತ್ರಿ ಏಳುವುದು 4ರಿಂದ 1ಕ್ಕೆ ಇಳಿದಿತ್ತು, ಪ್ರತಿ ಸಲ 140 ಮಿ.ಲೀ. ಸಿಗುತ್ತಿತ್ತು, ನೋವು 4. ಪೆಂಟೋಸಾನ್ ನಾಲ್ಕು ತಿಂಗಳಲ್ಲಿ ಮಾಡದ್ದನ್ನು ಇದು ಆರು ವಾರದಲ್ಲಿ ಮಾಡಿತು. ಹೃದಯದ ಬಡಿತದ ತೊಂದರೆ, ಗ್ಲಾಕೋಮಾ ಇರುವವರಿಗೆ ಇದು ಹೊಂದದಿರಬಹುದು, ಮತ್ತೆ ಒಂದೇ ಸಲಕ್ಕೆ ನಿಲ್ಲಿಸುವ ಹಾಗಿಲ್ಲ. ಅದಕ್ಕೆ ಪಕ್ಕದ ಮನೆಯವರ ಸ್ಟ್ರಿಪ್ಪಿನಿಂದ ಎರಡು ಮುರಿದು ನೋಡುವ ಮಾತ್ರೆ ಇದಲ್ಲ.

ನಾಲ್ಕನೆಯದು ಮೂತ್ರಕೋಶಕ್ಕೇ ಔಷಧಿ ತುಂಬುವುದು. ಕ್ಯಾತಿಟರ್ ಅನ್ನುವ ತೆಳು ಕೊಳವೆ ಹಾಕಿ ಲಿಗ್ನೋಕೇನ್, ಹೆಪಾರಿನ್, ಸೋಡಾ ಬೈಕಾರ್ಬ್ ಬೆರೆಸಿ ಬಿಡುತ್ತಾರೆ. ಅರ್ಧ ಗಂಟೆ ಹಿಡಿದುಕೊಳ್ಳಬೇಕು. ಅರ್ಧ ಗಂಟೆ ನಾನಾ ಅಂತ ಅಂದುಕೊಂಡಿದ್ದೆ, ಆದರೆ ಲಿಗ್ನೋಕೇನ್ ಮರಗಟ್ಟಿಸುವುದರಿಂದ ಆಗುತ್ತದೆ. ವಾರಕ್ಕೊಂದರಂತೆ ಆರು. ಪ್ರತಿ ಸಲವೂ ಒಂದೂವರೆ ದಿನ ಸುಖ, ಆಮೇಲೆ ಎಲ್ಲಿದ್ದೆವೋ ಅಲ್ಲಿಗೇ. ಖರ್ಚು, ರಜೆ, ಬಸ್ಸು ಎಲ್ಲ ಸೇರಿಸಿದರೆ ನನ್ನ ಲೆಕ್ಕದಲ್ಲಿ ಸೋತದ್ದು ಇದು. ಆದರೆ ಇದು ಔಷಧಿಯಾಗಿ ಸೋತು, ಪರೀಕ್ಷೆಯಾಗಿ ಗೆದ್ದಿತು. ಮೂತ್ರಕೋಶ ಪೂರ್ತಿ ಮರಗಟ್ಟಿದ್ದಾಗಲೂ ಕೆಳಗೆ, ಕುಳಿತರೆ ಒತ್ತುವ ಜಾಗದಲ್ಲಿ, ಒಂದು ಮಂದ ನೋವು ಉಳಿದಿತ್ತು. ಅದನ್ನು ಹೇಳಿದಾಗ ಡಾಕ್ಟರು ಒಳಗೆ ಬೆರಳಿನಿಂದ ಸ್ನಾಯು ಒತ್ತಿ ನೋಡಿದರು. ಎಡಗಡೆ ಒತ್ತಿದ ತಕ್ಷಣ ನನ್ನ ಅದೇ "ಒಂದಕ್ಕೆ ಬಂತು" ಅನ್ನುವ ನೋವು! ಅಂದರೆ ಉಳಿದ ನೋವು ಮೂತ್ರಕೋಶದ್ದಲ್ಲ, ಅದನ್ನು ಕೆಳಗಿನಿಂದ ಹೊತ್ತುಕೊಂಡಿರುವ ಸ್ನಾಯುಗಳದ್ದು. ವರ್ಷಗಟ್ಟಲೆ ಬಿಗಿಹಿಡಿದು ಪಾಠ ಮಾಡಿದ್ದಕ್ಕೆ ಅವು ಗಂಟು ಕಟ್ಟಿದ್ದವು.

ಐದನೆಯದು ಅದಕ್ಕೇ, ಪೆಲ್ವಿಕ್ ಫ್ಲೋರ್ ಫಿಸಿಯೋಥೆರಪಿ. ಇಲ್ಲೊಂದು ತಪ್ಪು ನಾನೂ ಮಾಡಿದ್ದೆ. ವೀಡಿಯೋ ನೋಡಿ ದಿನಾ ಕೀಗಲ್ ವ್ಯಾಯಾಮ ಮಾಡುತ್ತಿದ್ದೆ, ಅಂದರೆ ಮೊದಲೇ ಬಿಗಿದದ್ದನ್ನು ಇನ್ನೂ ಬಿಗಿಯುತ್ತಿದ್ದೆ. ಇಲ್ಲಿ ಬೇಕಾದದ್ದು ಸಡಿಲಿಸುವುದು. ಥೆರಪಿಸ್ಟ್ ಗ್ಲೌಸ್ ಹಾಕಿಕೊಂಡು ಒಳಗಿನಿಂದ ಆ ಗಂಟನ್ನು ಒತ್ತಿ ಹಿಡಿದು ನಿಧಾನಕ್ಕೆ ಬಿಡಿಸುತ್ತಾರೆ. ಮನೆಯಲ್ಲಿ ಮಂಡಿ ಮಡಚಿ ಮಲಗಿ ಹೊಟ್ಟೆ ಉಬ್ಬುವಂತೆ ಉಸಿರಾಟ, ದಿನಕ್ಕೆ ಎರಡು ಸಲ ಹತ್ತು ನಿಮಿಷ. ಮುಜುಗರ ಅನ್ನಿಸುತ್ತದೆ, ನಿಜ. ಹೆಂಗಸರೇ ಮಾಡುವ ಕಡೆ ಹುಡುಕಿ, ಕೆಲಸ ಏನು ಅಂತ ಮೊದಲೇ ಕೇಳಿಕೊಂಡು ಹೋದೆ. ಇದು ಬರೀ ನನ್ನ ಮಾತಲ್ಲ. 2012ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಇಂಥ ಸ್ನಾಯು ನೋವು ಇದ್ದ ಹೆಂಗಸರಿಗೆ ಹತ್ತು ಸಿಟ್ಟಿಂಗ್ ಮಾಡಿದಾಗ 59% ಮಂದಿಗೆ ಗುಣ ಕಂಡಿತು, ಮಾಮೂಲಿ ಮೈ ಮಸಾಜ್ ಮಾಡಿಸಿಕೊಂಡವರಲ್ಲಿ 26%. ನನಗೆ ಎಂಟನೇ ವಾರಕ್ಕೆ ದಿನಕ್ಕೆ 9 ಸಲ, ಪ್ರತಿ ಸಲ 180 ಮಿ.ಲೀ., ನೋವು 2.

ಹಾಗಾದರೆ ಯಾವುದು ಮೇಲು ಅಂದರೆ, ನನ್ನ ಸಾಲಿನಲ್ಲಿ ಫಿಸಿಯೋ ಮೊದಲು, ಅಮಿಟ್ರಿಪ್ಟಿಲಿನ್ ಅದರ ಬೆನ್ನಿಗೆ, ಊಟ ಮೂರನೆಯದು. ಆದರೆ ಒಳಗೆ ಒತ್ತಿದಾಗ ಸ್ನಾಯು ನೋಯದವರಿಗೆ ಇದೇ ಫಿಸಿಯೋ ಸುಮ್ನೆ ದುಡ್ಡು ದಂಡ. ನನ್ನದೇ ಚೀಟಿ ಹಿಡಿದುಕೊಂಡು ಹೋಗಬೇಡಿ, ಸ್ನಾಯು ಒತ್ತಿ ನೋಡಿ ಅಂತ ಕೇಳಿ.

ಈಗ ಅಮಿಟ್ರಿಪ್ಟಿಲಿನ್ 10 ಮಿ.ಗ್ರಾಂ.ಗೆ ಇಳಿದಿದೆ. ಎರಡು ಸಲದ ನಡುವಿನ ಸಮಯವನ್ನು ವಾರಕ್ಕೆ ಹದಿನೈದು ನಿಮಿಷದಂತೆ ಉದ್ದ ಮಾಡುತ್ತಾ ಎರಡೂವರೆ ಗಂಟೆಗೆ ತಂದಿದ್ದೇನೆ. ನೋವು ಇಳಿಯುವ ಮುಂಚೆ ಇದಕ್ಕೆ ಕೈ ಹಾಕಿ ಒಮ್ಮೆ ಕೆಟ್ಟಿದ್ದೆ, ಹಿಡಿದಷ್ಟೂ ಸ್ನಾಯು ಬಿಗಿಯಿತು. ನಡುವೆ ಕೆರಳುವುದಿದೆ, ಮುಟ್ಟಿನ ಮುಂಚಿನ ವಾರ ಜಾಸ್ತಿ. ಆಗ ಬಿಸಿನೀರಿನ ಚೀಲ, ಉಸಿರಾಟ, ಎರಡು ದಿನ ತೊವ್ವೆ ಅನ್ನ. ಕಳೆದ ತಿಂಗಳು ಮಾತ್ರ ಹೋಗುವಾಗಲೂ ಉರಿದು ಸಣ್ಣಗೆ ಜ್ವರ ಬಂತು. ಇದು ಹಳೇದಲ್ಲ ಅನ್ನಿಸಿ ಮೊದಲು ಕಲ್ಚರಿಗೆ ಕೊಟ್ಟೆ. ಆ ಸಲ ನಿಜವಾಗಿಯೂ ಬ್ಯಾಕ್ಟೀರಿಯ ಬೆಳೆದಿತ್ತು.