ಐಡಿ ಕಾಪಿ ಬಟನ್ ಜೊತೆ ನಾಲ್ಕು ವರ್ಷ: ಕಾಗದಕ್ಕೆ ಸೈ, ಪಿಡಿಎಫ್‌ಗೆ ಕೈ

ನಾಲ್ಕು ವರ್ಷದ ಹಿಂದೆ ಈ ಪ್ರಿಂಟರ್ ಕೊಂಡದ್ದು ಅದರ ಒಂದೇ ಒಂದು ಬಟನ್‌ಗೆ ಮರುಳಾಗಿ. ಮುದ್ರಣದ ವೇಗ, ವೈಫೈ ಅಂತೆಲ್ಲ ಬರೆಯಲು ಹೋಗುವುದಿಲ್ಲ, ಅದು ಡಬ್ಬದ ಮೇಲೇ ಇರುತ್ತದೆ. ನಮ್ಮ ಮನೆಯಲ್ಲಿ ಯಾರ ಅರ್ಜಿಯಾದರೂ ಕೊನೆಗೆ ಬಂದು ಬೀಳುವುದು ನನ್ನ ತಲೆಗೆ. ಗುರುತಿನ ಚೀಟಿಯ ಎರಡೂ ಬದಿ ಒಂದೇ ಹಾಳೆಯಲ್ಲಿರಬೇಕು ಅನ್ನುವ ಸೂಚನೆ ಇಲ್ಲದ ಅರ್ಜಿಯನ್ನು ನಾನಂತೂ ಅಪರೂಪಕ್ಕೆ ಕಂಡಿದ್ದೇನೆ. ಹಾಗಾಗಿ ID Copy ಅಂತ ಬರೆದಿದ್ದ ಆ ಬಟನ್ ಕಂಡ ಕೂಡಲೇ ಮನಸ್ಸು ಅಲ್ಲೇ ಸೋತಿತು.

ಮೊದಲ ಎರಡು ವರ್ಷ ಅದರ ಮೇಲೆ ಪ್ರೀತಿಯೇ ಪ್ರೀತಿ. ಗಾಜನ್ನು ಮೆತ್ತನೆ ಬಟ್ಟೆಯಲ್ಲಿ ಒರೆಸುವುದು, ಕಾರ್ಡನ್ನು ಅದರ ಪ್ಲಾಸ್ಟಿಕ್ ಹೊದಿಕೆಯಿಂದ ಹೊರತೆಗೆಯುವುದು (ಹೊದಿಕೆಯೊಂದಿಗೇ ಇಟ್ಟರೆ ಅದರ ಗೀರುಗಳೂ ನಕಲಿಗೆ ಬರುತ್ತವೆ), ಮೂಲೆಯಲ್ಲಿಟ್ಟು ಒತ್ತುವುದು. ಬೆಳಕು ಒಮ್ಮೆ ಸರಿದು ಹೋಗುತ್ತದೆ, ಪುಟ್ಟ ಪರದೆ ಕಾರ್ಡ್ ತಿರುಗಿಸು ಅನ್ನುತ್ತದೆ. ತಿರುಗಿಸಿ ಇನ್ನೊಮ್ಮೆ ಒತ್ತಿದರೆ ಮೇಲೆ ಮುಂಬದಿ, ಕೆಳಗೆ ಹಿಂಬದಿ ಇರುವ ಹಾಳೆ ಬೆಚ್ಚಗೆ ಹೊರಬರುತ್ತದೆ.

ತಿರುಗಿಸುವುದಕ್ಕೂ ಒಂದು ಕ್ರಮವಿದೆ. ಪುಸ್ತಕದ ಹಾಳೆ ಮಗುಚಿದಂತೆ ಪಕ್ಕಕ್ಕೆ ತಿರುಗಿಸಬೇಕು. ಕೆಳಗಿನಂಚು ಹಿಡಿದು ಮೇಲಕ್ಕೆ ಮಗುಚಿದರೆ ಹಿಂಬದಿ ತಲೆಕೆಳಗಾಗಿ ಬರುತ್ತದೆ. ಯಂತ್ರಕ್ಕೆ ಇದಾವುದೂ ತಿಳಿಯದು. ಇನ್ನೊಂದು, ಗಾಜಿನ ತುದಿಯ ಸುಮಾರು 3 ಮಿ.ಮೀ. ಪಟ್ಟಿಯನ್ನು ನನ್ನ ಯಂತ್ರ ಓದುವುದೇ ಇಲ್ಲ. ಮೂಲೆಗೆ ಅಂಟಿಸಿ ಇಟ್ಟರೆ ಅಂಚಿನಲ್ಲಿರುವ ಸಾಲು ಸದ್ದಿಲ್ಲದೆ ಮಾಯ. ಅದಕ್ಕೆ ತೆಳು ಬಿಳಿ ರಟ್ಟಿನಿಂದ 5 ಮಿ.ಮೀ. ಅಗಲದ ಎಲ್ ಆಕಾರದ ತುಂಡೊಂದನ್ನು ಕತ್ತರಿಸಿಟ್ಟುಕೊಂಡಿದ್ದೇನೆ. ಅದನ್ನು ಮೂಲೆಗೆ ಇಟ್ಟು, ಅದರ ಒಳಮೂಲೆಗೆ ಕಾರ್ಡನ್ನು ತಾಗಿಸಿದರೆ ಎರಡೂ ಬದಿ ಒಂದೇ ಜಾಗದಲ್ಲಿ ನೆಟ್ಟಗೆ ಕೂರುತ್ತವೆ. ರಟ್ಟು ಬಿಳಿಯಾದ್ದರಿಂದ ನಕಲಿನಲ್ಲಿ ಕಾಣುವುದಿಲ್ಲ.

ಅರ್ಜಿಗಳು ಕಾಗದ ಬಿಟ್ಟು ಆನ್‌ಲೈನ್‌ಗೆ ಹೋದ ಮೇಲೆ ನಮ್ಮ ಸಂಬಂಧ ಹುಳಿಯಾಯಿತು. ಈ ಬಟನ್ ಕಾಗದಕ್ಕೆ ಮಾತ್ರ ನಕಲಿಸುತ್ತದೆ. ಸ್ಕ್ಯಾನ್ ಮೆನುವಿನಲ್ಲಿ ಎಷ್ಟು ತಡಕಾಡಿದರೂ ಅಂಥ ಆಯ್ಕೆಯಿಲ್ಲ. ಎರಡು ಬದಿ ಸ್ಕ್ಯಾನ್ ಮಾಡಿದರೆ ಎರಡು ಕಡತ. ಇನ್ನಷ್ಟು ದುಡ್ಡು ಸುರಿದು ಮೇಲಿನ ಮಾದರಿ ಕೊಂಡಿದ್ದರೆ ಸಿಗುತ್ತಿತ್ತೇನೋ, ಕೈಯಲ್ಲಿದ್ದದ್ದು ಇಷ್ಟೇ.

ಅಕ್ಕನ ಮಗನ ಅರ್ಜಿಗೆ ಸುಲಭದ ದಾರಿ ಹಿಡಿದೆ. ಬಟನ್ ಒತ್ತಿ ಕಾಗದದ ನಕಲು ತೆಗೆದು, ಆ ಹಾಳೆಯನ್ನೇ ಮತ್ತೆ ಸ್ಕ್ಯಾನ್ ಮಾಡಿ ಪಿಡಿಎಫ್ ಮಾಡಿದೆ. ವಾರದಲ್ಲಿ ಅರ್ಜಿ ವಾಪಸು: ದಾಖಲೆ ಅಸ್ಪಷ್ಟ. ಹುಡುಗ ಕಡತ ತೆರೆದು ನೋಡಿ, "ಮಾವ, ಇದು ನಾನಾ ಅಥವಾ ನನ್ನ ನೆರಳಾ?" ಅಂದ. ತಪ್ಪು ನನ್ನದೇ. ಪ್ರಿಂಟರ್ ಬೂದು ಬಣ್ಣವನ್ನು ನಿಜವಾಗಿ ಹಚ್ಚುವುದಿಲ್ಲ, ಕಪ್ಪು ಚುಕ್ಕೆಗಳನ್ನು ಒತ್ತಾಗಿ, ವಿರಳವಾಗಿ ಇಟ್ಟು ಬೂದಿನಂತೆ ತೋರಿಸುತ್ತದೆ. ಆ ಚುಕ್ಕೆಗಳನ್ನು ಸ್ಕ್ಯಾನರ್ ತನ್ನ ಚುಕ್ಕೆಗಳ ಲೆಕ್ಕದಲ್ಲಿ ಮತ್ತೆ ಓದಿದಾಗ ಮುಖದ ಮೇಲೆ ಅಲೆಯಲೆಯಾದ ಗೆರೆಗಳು ಮೂಡುತ್ತವೆ, ಹಿಂಬದಿಯ ಸಣ್ಣಕ್ಷರಗಳ ಹೊಟ್ಟೆ ತುಂಬಿಕೊಳ್ಳುತ್ತದೆ. ನಕಲಿನ ನಕಲು ಬೇಡವೇ ಬೇಡ.

ಆ ರಾತ್ರಿಯಿಂದ ಜೋಡಿಸುವ ಕೆಲಸ ಕಂಪ್ಯೂಟರಿನಲ್ಲಿ ಚಿತ್ರ ಜೋಡಿಸುವ ಉಚಿತ ತಂತ್ರಾಂಶ ಲಿಬ್ರೆಆಫೀಸ್ ಡ್ರಾಗೆ ಹೋಯಿತು. ಮೊದಲು ಎರಡೂ ಬದಿಯನ್ನು ಬಣ್ಣದಲ್ಲಿ, 300 ಡಿಪಿಐಯಲ್ಲಿ ಅಂದರೆ ಇಂಚಿಗೆ 300 ಚುಕ್ಕೆಯ ಲೆಕ್ಕದಲ್ಲಿ ಸ್ಕ್ಯಾನ್ ಮಾಡಿ, ಕಾರ್ಡಿನ ಅಂಚಿಗೆ ಸರಿಯಾಗಿ ಕತ್ತರಿಸಿಕೊಂಡೆ. ಜೇಬಿನಲ್ಲಿಡುವ ಪ್ಲಾಸ್ಟಿಕ್ ಕಾರ್ಡುಗಳದ್ದು ಸಾಮಾನ್ಯವಾಗಿ ಬ್ಯಾಂಕ್ ಕಾರ್ಡಿನ ಅಳತೆಯೇ, 85.6 ಮಿ.ಮೀ. ಅಗಲ, ಸುಮಾರು 54 ಮಿ.ಮೀ. ಎತ್ತರ. ಡ್ರಾದಲ್ಲಿ ಎ4 ಪುಟ ನೆಟ್ಟಗಿಟ್ಟು ಎರಡೂ ಚಿತ್ರ ಸೇರಿಸಿದೆ. ಚಿತ್ರದ ಮೇಲೆ ಕ್ಲಿಕ್ಕಿಸಿ F4 ಒತ್ತಿದರೆ Position and Size ತೆರೆಯುತ್ತದೆ. ಅಲ್ಲಿ Keep ratio ಗುರುತು ಹಾಕಿ ಅಗಲಕ್ಕೆ 85.6 ಮಿ.ಮೀ. ಕೊಟ್ಟರೆ ಎತ್ತರ ತಾನಾಗಿಯೇ 54ರ ಹತ್ತಿರ ಬರಬೇಕು. 51 ಅಥವಾ 57 ಬಂದರೆ ಕತ್ತರಿಸಿದ್ದು ಸರಿಯಾಗಿಲ್ಲ ಎಂದೇ ಅರ್ಥ. ಫೋನಿನಲ್ಲಿ ಓರೆಯಾಗಿ ತೆಗೆದ ಫೋಟೋ ಸಿಕ್ಕಿಬೀಳುವುದೂ ಇಲ್ಲೇ.

ಪುಟದ ಅಗಲ 210 ಮಿ.ಮೀ. ಅದರಲ್ಲಿ 85.6 ಕಳೆದು ಅರ್ಧ ಮಾಡಿದರೆ 62.2. ಎರಡೂ ಚಿತ್ರಕ್ಕೆ ಎಡದಿಂದ ಅಷ್ಟೇ ದೂರ ಕೊಟ್ಟೆ. ಮೇಲಿನಿಂದ ಮುಂಬದಿ 60ಕ್ಕೆ, ಹಿಂಬದಿ 130ಕ್ಕೆ. ನಡುವೆ 16 ಮಿ.ಮೀ. ಬಿಳಿ ಉಳಿಯಿತು. ಆ ಕಡತವನ್ನೇ ಅಚ್ಚಿನಂತೆ ಉಳಿಸಿಕೊಂಡಿದ್ದೇನೆ, ಈಗ ಹೊಸ ಕಾರ್ಡ್ ಬಂದರೆ ಐದು ನಿಮಿಷದ ಕೆಲಸ.

ನಿರೀಕ್ಷಿಸದೆ ಸಿಕ್ಕ ಖುಷಿಯೆಂದರೆ ಕಡತದ ತೂಕ. ಮೊದಲು ಇಡೀ ಎ4 ಹಾಳೆಯನ್ನೇ ಸ್ಕ್ಯಾನ್ ಮಾಡುತ್ತಿದ್ದೆನಲ್ಲ, ಆಗ ಬಿಳಿ ಜಾಗವೂ ಚಿತ್ರವೇ. 300 ಡಿಪಿಐಯಲ್ಲಿ ಒಂದು ಎ4 ಅಂದರೆ ಸುಮಾರು 87 ಲಕ್ಷ ಚುಕ್ಕೆ. ಕಾರ್ಡಿನ ಎರಡು ಬದಿ ಸೇರಿದರೂ 13 ಲಕ್ಷ ದಾಟುವುದಿಲ್ಲ, ಮಿಕ್ಕ ಪುಟ ಬರೀ ಖಾಲಿ. ಪಿಡಿಎಫ್ ಮಾಡುವಾಗ ಜೆಪೆಗ್ ಗುಣಮಟ್ಟ 90, ಚಿತ್ರದ ಡಿಪಿಐ 300 ಇಟ್ಟೆ. ಕಡತದ ಗಾತ್ರದ ಮಿತಿಗೆ ತಕ್ಕಂತೆ ಅಕ್ಷರಗಳನ್ನು ಮಸುಕು ಮಾಡಿಕೊಳ್ಳುವ ಗೋಳು ತಪ್ಪಿತು.

ಅಂಕಪಟ್ಟಿಯಂಥ ಎ4 ಪ್ರಮಾಣಪತ್ರಗಳಿಗೆ ಈ ಅಳತೆ ನಡೆಯದು. ಎ4 ಪುಟವನ್ನು ಅಡ್ಡ ಮಾಡಿ, ಎರಡೂ ಬದಿಯನ್ನು 70.7 ಶೇಕಡಾಕ್ಕೆ ಇಳಿಸಿ ಪಕ್ಕಪಕ್ಕ ಇಟ್ಟರೆ ಪುಟದ ಅಂಚಿನವರೆಗೂ ಕೂರುತ್ತವೆ. ನಾನು 68ಕ್ಕೆ ಇಳಿಸಿ ಸುತ್ತ ಸ್ವಲ್ಪ ಬಿಳಿ ಬಿಡುತ್ತೇನೆ. ಇಲ್ಲಿ ಮಾತ್ರ ಪಿಡಿಎಫ್ ಮಾಡುವಾಗ ಡಿಪಿಐ ಇಳಿಸುವ ಗುರುತನ್ನು ತೆಗೆದುಬಿಡಿ. ಚಿತ್ರ ಕುಗ್ಗಿದರೂ ಅದರ ಚುಕ್ಕೆಗಳೆಲ್ಲ ಉಳಿದರೆ, ನೋಡುವವರು ಹಿಗ್ಗಿಸಿದಾಗ ಮೊಹರಿನ ಅಕ್ಷರ ಓದಲು ಬರುತ್ತದೆ. ತೆಳು ಕಾಗದದ್ದಾದರೆ ಸ್ಕ್ಯಾನ್ ಮಾಡುವಾಗ ಬೆನ್ನಿಗೆ ಕಪ್ಪು ಹಾಳೆ ಇಡುತ್ತೇನೆ, ಆಗ ಹಿಂಬದಿಯ ಮುದ್ರಣ ಮುಂಬದಿಗೆ ಇಣುಕುವುದಿಲ್ಲ. ಅರ್ಜಿಯಲ್ಲಿ ಒಂದೇ ಪುಟ ಅಂತ ಕೇಳಿಲ್ಲದಿದ್ದರೆ ಈ ಕುಗ್ಗಿಸುವ ಸಾಹಸವೇ ಬೇಡ, ಒಂದೇ ಪಿಡಿಎಫ್‌ನಲ್ಲಿ ಎರಡು ಪುಟ ಕೊಡುವುದೇ ಚೆನ್ನ.

ಬಟನ್‌ಗೆ ಈಗ 5ಕ್ಕೆ 3 ಕೊಡುತ್ತೇನೆ. ಕೋಪ ಇಳಿದಿದೆ, ಕಾಗದದ ಅರ್ಜಿಗೆ ಇವತ್ತೂ ಅದನ್ನೇ ಒತ್ತುತ್ತೇನೆ. ಪಿಡಿಎಫ್ ಮುದ್ರಿಸುವಾಗ ಮಾತ್ರ Fit ಬಿಟ್ಟು Actual size ಆರಿಸಬೇಕು, Fit ಇದ್ದರೆ ಪುಟ ಒಂದಿಷ್ಟು ಕುಗ್ಗಬಹುದು. ಅಕ್ಕನ ಮಗನ ಎರಡನೇ ಅರ್ಜಿ ಕಳಿಸುವ ಮುಂಚೆ ಹಾಗೆ ಒಂದು ಹಾಳೆ ಮುದ್ರಿಸಿ, ಅವನ ಅಸಲಿ ಕಾರ್ಡನ್ನು ಅದರ ಮೇಲಿಟ್ಟು ನೋಡಿದೆ. ನಾಲ್ಕು ಕಡೆಯೂ ಕೂದಲೆಳೆಯಷ್ಟು ಅಂಚು ಹೊರಗೆ ಕಾಣಲಿಲ್ಲ.